ಲಾಭ–ನಷ್ಟದ ಚಿತ್ರವನ್ನು ಓದುವುದು ಹೇಗೆ? ಇಂದಿನ ಗೆರೆ ಬಾಗಿರುವುದೇಕೆ?

ದಾವಣಗೆರೆಯ ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಪರಿಚಯದ ವರ್ತಕರೊಬ್ಬರು ಒಂದು ಬೆಳಿಗ್ಗೆ ಮೊಬೈಲನ್ನು ನನ್ನ ಮುಂದೆ ಹಿಡಿದು, "ಶೇರು ಇಪ್ಪತ್ತು ರೂಪಾಯಿ ಏರೈತೆ, ಆದ್ರೂ ನಷ್ಟ ಅಂತ ತೋರಿಸ್ತೈತಲ್ಲ ಸರ್" ಎಂದರು. ಹಿಂದಿನ ದಿನ, ಕಂಪನಿಯ ತ್ರೈಮಾಸಿಕ ಫಲಿತಾಂಶ ಹೊರಬೀಳುವ ಮುನ್ನ, ಅವರು ಆ ಶೇರಿನ ಒಂದು ಕಾಲ್ ಆಪ್ಷನ್, ಅಂದರೆ ಗೊತ್ತುಪಡಿಸಿದ ದಿನ ಗೊತ್ತುಪಡಿಸಿದ ಬೆಲೆಗೆ ಶೇರನ್ನು ಕೊಳ್ಳುವ ಹಕ್ಕನ್ನು, ಕೊಂಡಿದ್ದರು. ಲೆಕ್ಕ ಹಿಡಿಯಲು ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿ ಹೇಳುವುದಾದರೆ, ಶೇರಿನ ಬೆಲೆ 1,000 ರೂಪಾಯಿ, ಗೊತ್ತುಪಡಿಸಿದ ಬೆಲೆ, ಅಂದರೆ ಸ್ಟ್ರೈಕ್ ಬೆಲೆಯೂ 1,000, ಹಕ್ಕಿಗಾಗಿ ಕೊಟ್ಟ ಪ್ರೀಮಿಯಂ ಶೇರೊಂದಕ್ಕೆ 34 ರೂಪಾಯಿ, ಹಕ್ಕಿನ ಕಡೆಯ ದಿನವಾದ ಎಕ್ಸ್‌ಪೈರಿಗೆ 30 ದಿನ. ಲಾಟ್‌ನಲ್ಲಿ 500 ಶೇರುಗಳಿದ್ದುದರಿಂದ ಕೈಬಿಟ್ಟ ಹಣ 17,000 ರೂಪಾಯಿ. ಅವರ ಪರದೆಯ ಮೇಲಿದ್ದ ಚಿತ್ರದಲ್ಲಿ ಎರಡು ಗೆರೆಗಳಿದ್ದವು, ಅವರು ನೋಡುತ್ತಿದ್ದುದು ಒಂದನ್ನು ಮಾತ್ರ.

ಮೊದಲು ಅಕ್ಷಗಳನ್ನು ಓದಿಕೊಳ್ಳಬೇಕು. ಅಡ್ಡ ಅಕ್ಷದಲ್ಲಿರುವುದು ಶೇರಿನ ಬೆಲೆ, ಕಾಲವಲ್ಲ. ದಿನವೂ ಬೆಲೆಯ ಚಾರ್ಟ್ ನೋಡಿ ರೂಢಿಯಾದ ಕಣ್ಣು ಎಡದಿಂದ ಬಲಕ್ಕೆ ದಿನಗಳು ಸಾಗುತ್ತವೆ ಎಂದೇ ಭಾವಿಸಿಬಿಡುತ್ತದೆ, ಹೆಚ್ಚಿನ ಗೊಂದಲಗಳ ಮೂಲ ಇಲ್ಲಿದೆ. ಈ ಚಿತ್ರದಲ್ಲಿ ಪ್ರತಿಯೊಂದು ಗೆರೆಯೂ ಒಂದೇ ಒಂದು ದಿನಕ್ಕೆ ಸೇರಿದ್ದು, ದಿನ ಬದಲಾದರೆ ಗೆರೆಯೇ ಬದಲಾಗುತ್ತದೆ. ಲಂಬ ಅಕ್ಷದ ಲಾಭ–ನಷ್ಟ ಒಂದು ಶೇರಿನದೋ ಇಡೀ ಲಾಟಿನದೋ ಎಂಬುದನ್ನೂ ನೋಡಿಕೊಳ್ಳಿ.

ಮುಂದಿನ ಹೆಜ್ಜೆ ಎಕ್ಸ್‌ಪೈರಿಯ ಗೆರೆ. ಇದನ್ನು ಮಕ್ಕಳ ಗ್ರಾಫ್ ಹಾಳೆಯ ಮೇಲೆ ನಾವೇ ಎಳೆಯಬಹುದು. ಕಡೆಯ ದಿನ ಶೇರು 1,000ದಲ್ಲಿ ಅಥವಾ ಅದಕ್ಕಿಂತ ಕೆಳಗಿದ್ದರೆ ಕಾಲ್‌ಗೆ ಬೆಲೆಯಿಲ್ಲ, ಕೊಟ್ಟ 34 ರೂಪಾಯಿಯೂ ಹೋಯಿತು. ಆದ್ದರಿಂದ ಎಡಭಾಗದಲ್ಲಿ ಗೆರೆ ಸೊನ್ನೆಗಿಂತ 34 ರೂಪಾಯಿ ಕೆಳಗೆ ಚಪ್ಪಟೆಯಾಗಿ ಮಲಗಿರುತ್ತದೆ. 1,000ದಲ್ಲಿ ಅದು ಮೊಣಕೈಯಂತೆ ಮಡಿಸಿಕೊಂಡು ಮೇಲೇರಲು ತೊಡಗಿ, 1,034ರಲ್ಲಿ ಸೊನ್ನೆಯನ್ನು ದಾಟುತ್ತದೆ. ಬ್ರೇಕ್‌ಈವನ್ ಎಂದು ಚಿತ್ರದಲ್ಲಿ ಬರೆದಿರುವುದು ಈ 1,034ನ್ನೇ, ಆದರೆ ಅದು ಕಡೆಯ ದಿನದ ಬ್ರೇಕ್‌ಈವನ್ ಎಂಬ ಮಾತನ್ನು ಸಾಮಾನ್ಯವಾಗಿ ಯಾರೂ ಪಕ್ಕದಲ್ಲಿ ಬರೆಯುವುದಿಲ್ಲ.

ಇನ್ನು ಬಾಗಿದ ಗೆರೆಗೆ ಬರೋಣ. ಇದು ಇಂದೇ ಆಪ್ಷನ್ ಮಾರಿದರೆ ಬರುವ ಲಾಭ–ನಷ್ಟದ ಅಂದಾಜು, ಹಲವು ತಂತ್ರಾಂಶಗಳಲ್ಲಿ `T+0` ಎಂಬ ಗುರುತು ಇದಕ್ಕಿರುತ್ತದೆ. ಕೊಂಡ ದಿನ ಈ ಗೆರೆ ಸೊನ್ನೆಯನ್ನು ಕೊಂಡ ಹೊತ್ತಿನ ಬೆಲೆಯಲ್ಲಿ, ಅಂದರೆ ನಮ್ಮ ಉದಾಹರಣೆಯಲ್ಲಿ 1,000ದಲ್ಲಿಯೇ, ದಾಟಬೇಕು. ಹಾಗೆ ದಾಟದಿದ್ದರೆ ನಮೂದಿಸಿದ ಪ್ರೀಮಿಯಂ ತಪ್ಪಿರಬೇಕು, ಇಲ್ಲವೇ ತಂತ್ರಾಂಶ ಹಿಡಿದಿರುವ ಏರಿಳಿತದ ಪ್ರಮಾಣ ಮಾರುಕಟ್ಟೆಯದಕ್ಕಿಂತ ಬೇರೆಯಾಗಿರಬೇಕು. ನಾನಂತೂ ಈ ಒಂದು ಪರೀಕ್ಷೆ ಮಾಡದೆ ಯಾವ ಚಿತ್ರವನ್ನೂ ನಂಬುವುದಿಲ್ಲ.

ಎರಡು ಗೆರೆಗಳು ಬೇರೆಯಾಗುವುದೇಕೆ ಎಂಬುದಕ್ಕೆ ಅಂಗಡಿಯ ರಸೀತಿಯ ಬೆನ್ನಮೇಲೆ ಮಾಡಬಹುದಾದ ಲೆಕ್ಕವೊಂದಿದೆ. ಈಗ 1,000 ಇರುವ ಶೇರು ಕಡೆಯ ದಿನ 1,068 ಆಗಬಹುದು ಅಥವಾ 932 ಆಗಬಹುದು, ಎರಡಕ್ಕೂ ಸಮಾನ ಸಾಧ್ಯತೆ ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಕಾಲ್‌ನ ಬೆಲೆ 68, ಎರಡನೆಯದರಲ್ಲಿ ಸೊನ್ನೆ, ಸರಾಸರಿ 34. ನಮ್ಮ ವರ್ತಕರು ಕೊಟ್ಟದ್ದು ಸರಿಯಾಗಿ ಅಷ್ಟೇ. ಶೇರು ಬಿದ್ದಾಗ ಕಾಲ್ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ, ಏರಿದಾಗ ಮಾತ್ರ ಜೊತೆಗೇ ಏರುತ್ತದೆ, ಆದ್ದರಿಂದ ಮಡಿಕೆಯ ಬಳಿ ಸರಾಸರಿಯು ಯಾವಾಗಲೂ ಮುರಿದ ಗೆರೆಗಿಂತ ಮೇಲಿರುತ್ತದೆ. ಇದೇ ಲೆಕ್ಕವನ್ನು 1,200ರಲ್ಲಿ ಮಾಡಿ ನೋಡಿ: 1,268 ಆದರೆ 268, 1,132 ಆದರೆ 132, ಸರಾಸರಿ 200, ಕೊಟ್ಟ 34 ಕಳೆಯುವ ಮುನ್ನ ಮುರಿದ ಗೆರೆ ಹೇಳುವುದೂ 200. ಮಡಿಕೆಯಿಂದ ದೂರ ಸರಿದಂತೆ ಬಾಗಿದ ಗೆರೆ ನೇರ ಗೆರೆಯೊಳಗೆ ಕರಗಿಹೋಗುವುದು ಇದಕ್ಕಾಗಿ. ನಿಜವಾದ ಸೂತ್ರಗಳು ಎರಡರ ಬದಲು ಸಾಧ್ಯವಿರುವ ಎಲ್ಲ ಬೆಲೆಗಳನ್ನೂ ತೂಗುತ್ತವೆ, ಆದರೆ ಕೆಲಸ ಇದೇ.

30 ದಿನ ಉಳಿದಿರುವಾಗ, ಬಡ್ಡಿಯನ್ನು ಬಿಟ್ಟು, ವಾರ್ಷಿಕ ಏರಿಳಿತವನ್ನು ಶೇಕಡಾ 30 ಎಂದು ಹಿಡಿದು ಬ್ಲ್ಯಾಕ್–ಶೋಲ್ಸ್ ಸೂತ್ರದಿಂದ ಲೆಕ್ಕ ಹಾಕಿದರೆ, ಶೇರು ಕೂಡಲೇ 1,034ಕ್ಕೆ ಏರಿದಾಗ ಕಾಲ್‌ನ ಬೆಲೆ ಸುಮಾರು 54 ಆಗುತ್ತದೆ. ಕಡೆಯ ದಿನ ಲಾಭವೇ ಇಲ್ಲದ ಜಾಗದಲ್ಲಿ ಇಂದು 20 ರೂಪಾಯಿ ಲಾಭ. 950ಕ್ಕೆ ಬಿದ್ದರೆ ಬೆಲೆ ಸುಮಾರು 14 ಉಳಿಯುತ್ತದೆ, ನಷ್ಟ 20 ಮಾತ್ರ, ಪೂರ್ತಿ 34 ಅಲ್ಲ.

ಬೆಲೆಗಳು ಹರಡಿಕೊಳ್ಳಬಹುದಾದ ಈ ಅಗಲ ಕಿರಿದಾದಷ್ಟೂ ಬಾಗಿದ ಗೆರೆ ಮೊಣಕೈಯ ಕಡೆಗೆ ಕುಸಿಯುತ್ತದೆ. ಅಗಲವನ್ನು ಕಿರಿದಾಗಿಸುವುದು ಎರಡು ಸಂಗತಿಗಳು. ಒಂದು, ದಿನಗಳು ಕಳೆಯುವುದು. ಶೇರು 1,000ದಲ್ಲಿಯೇ ನಿಂತಿದ್ದರೆ 15 ದಿನಗಳ ಬಳಿಕ ಕಾಲ್‌ನ ಬೆಲೆ ಸುಮಾರು 24, ಅಂದರೆ ಮೊದಲರ್ಧದಲ್ಲಿ ಕರಗಿದ್ದು 10 ರೂಪಾಯಿ, ಉಳಿದ 24 ಕರಗುವುದು ದ್ವಿತೀಯಾರ್ಧದಲ್ಲಿ. ಅಗಲವು ದಿನಗಳ ಲೆಕ್ಕದಲ್ಲಲ್ಲದೆ ದಿನಗಳ ವರ್ಗಮೂಲದ ಲೆಕ್ಕದಲ್ಲಿ ಕುಗ್ಗುವುದರಿಂದ ಹೀಗಾಗುತ್ತದೆ. ಸ್ಟ್ರೈಕ್ ಬೆಲೆಯಿಂದ ಬಹಳ ದೂರವಿರುವ ಆಪ್ಷನ್‌ಗಳಿಗೆ ಮಾತ್ರ ಈ ಅನುಪಾತವನ್ನು ಅನ್ವಯಿಸಬಾರದು.

ಇನ್ನೊಂದು, ಮಾರುಕಟ್ಟೆ ನಿರೀಕ್ಷಿಸುವ ಏರಿಳಿತ, ಪರದೆಯ ಮೇಲೆ `IV` ಎಂದು ಕಾಣುವುದು. ಮಂಡಿಪೇಟೆಯವರ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಫಲಿತಾಂಶದ ಮುನ್ನಾದಿನ, ಏನಾದರೂ ಆಗಬಹುದೆಂಬ ನಿರೀಕ್ಷೆಯಲ್ಲಿ, ಅದು ಶೇಕಡಾ 30 ಇತ್ತು. ಫಲಿತಾಂಶ ಬಂದು ಗುಟ್ಟು ಒಡೆದ ಮೇಲೆ 18ಕ್ಕೆ ಇಳಿಯಿತು. ಶೇರು 1,020 ಆಗಿದ್ದರೂ ಕಾಲ್‌ನ ಬೆಲೆ 32ಕ್ಕೆ ಬಂದಿತ್ತು, ಶೇರೊಂದಕ್ಕೆ 2 ರೂಪಾಯಿಯಂತೆ ಲಾಟಿಗೆ 1,000 ರೂಪಾಯಿ ನಷ್ಟ. `IV` 30ರಲ್ಲಿಯೇ ಉಳಿದಿದ್ದರೆ ಅದೇ 1,020ರಲ್ಲಿ ಸುಮಾರು 11 ರೂಪಾಯಿ ಲಾಭ ಕಾಣುತ್ತಿತ್ತು. ಹಿಂದಿನ ದಿನದ ಚಿತ್ರ ಅವರಿಗೆ ತೋರಿಸಿದ್ದು ಈ 11ನ್ನು. ಚಿತ್ರ ಸುಳ್ಳು ಹೇಳಿರಲಿಲ್ಲ, ಏರಿಳಿತ ಬದಲಾಗದು ಎಂಬ ಷರತ್ತನ್ನು ಹೇಳದೆ ಬಿಟ್ಟಿತ್ತು. ಆದ್ದರಿಂದ ಫಲಿತಾಂಶ, ಬಜೆಟ್ ಅಥವಾ ಚುನಾವಣಾ ಎಣಿಕೆಯ ಮುನ್ನ ಕೊಳ್ಳುವವರು ತಂತ್ರಾಂಶದಲ್ಲಿ `IV`ಯನ್ನು ಹತ್ತು ಅಂಶ ಇಳಿಸಿ, ಗೆರೆಯನ್ನು ಮತ್ತೊಮ್ಮೆ ಎಳೆಸಿ ನೋಡಬೇಕು. ಎಕ್ಸ್‌ಪೈರಿಯ ಗೆರೆ ಆಗ ಒಂದಿಷ್ಟೂ ಅಲುಗದು, ಬಾಗಿದ್ದು ಮಾತ್ರ ಕೆಳಗಿಳಿಯುತ್ತದೆ.

ಇದೇ ಕಾಲ್ ಮಾರಿದವರಿಗೆ ಚಿತ್ರ ತಲೆಕೆಳಗು. ಕಡೆಯ ದಿನ 1,034ರವರೆಗೆ ನಷ್ಟವಿಲ್ಲ ಎಂದು ನೇರ ಗೆರೆಯನ್ನು ನೋಡಿ ನೆಮ್ಮದಿಯಾಗಿದ್ದವರ ಖಾತೆಯಲ್ಲಿ, ಶೇರು ಮರುದಿನವೇ ಅಲ್ಲಿಗೆ ಏರಿದರೆ, ಲಾಟಿಗೆ ಸುಮಾರು 10,000 ರೂಪಾಯಿ ನಷ್ಟ ಕಾಣುತ್ತದೆ. ಹೆಚ್ಚಿನ ಮಾರ್ಜಿನ್, ಅಂದರೆ ಭದ್ರತೆಯ ಹಣ, ಕೇಳಿ ಬರುವುದು ಈ ಬಾಗಿದ ಗೆರೆಯ ಲೆಕ್ಕದಲ್ಲಿ, ಅದನ್ನು ತುಂಬಲಾಗದವರು ಕಡೆಯ ದಿನದವರೆಗೆ ಉಳಿಯುವುದೇ ಇಲ್ಲ.

ಎರಡು ಬೇರೆ ತಿಂಗಳುಗಳ ಆಪ್ಷನ್‌ಗಳನ್ನು ಜೋಡಿಸಿದವರಿಗೆ ಎಕ್ಸ್‌ಪೈರಿಯ ಗೆರೆಯೂ ಬಾಗಿಯೇ ಕಾಣುತ್ತದೆ. ಅದು ಹತ್ತಿರದ ತಿಂಗಳ ಕಡೆಯ ದಿನದ ಚಿತ್ರ, ಅಂದು ದೂರದ ಆಪ್ಷನ್‌ಗೆ ಇನ್ನೂ ಜೀವವಿರುವುದರಿಂದ ಆ ಗೆರೆಯೂ `IV`ಯ ಊಹೆಯ ಮೇಲೆ ನಿಂತದ್ದು. ನಮ್ಮಲ್ಲಿ ಶೇರುಗಳ ಆಪ್ಷನ್‌ಗೆ ಶೇರನ್ನೇ ಕೊಟ್ಟು ತೆಗೆದುಕೊಳ್ಳುವ ಪದ್ಧತಿ ಇರುವುದನ್ನಂತೂ ಯಾವ ಗೆರೆಯೂ ತೋರಿಸುವುದಿಲ್ಲ: ಕಡೆಯ ದಿನ ಶೇರು 1,040 ಇದ್ದು ಕಾಲ್ ಕೈಯಲ್ಲೇ ಉಳಿದರೆ, ಚಿತ್ರದಲ್ಲಿನ 6 ರೂಪಾಯಿ ಲಾಭಕ್ಕೆ ಮುನ್ನ 500 ಶೇರು ಬಿಡಿಸಿಕೊಳ್ಳಲು 5 ಲಕ್ಷ ರೂಪಾಯಿ ಹೊಂದಿಸಬೇಕು.