ವಾಟ್ಸಾಪ್ ಫೋಟೋದಲ್ಲಿದ್ದ ಹಿಸ್ಟೋಗ್ರಾಂ ಅಳೆದು ಡೆಬಿಟ್ ನೋಟ್ ಇಳಿಸಿಕೊಂಡ ನನ್ನ ಅನುಭವ

ಪೀಣ್ಯದಲ್ಲಿ ನಮ್ಮದು ಚಿಕ್ಕ ಟರ್ನಿಂಗ್ ಶಾಪ್. ಮೂರು ಸಿಎನ್‌ಸಿ ಲೇತ್, ಎರಡು ಶಿಫ್ಟ್. ಹೋದ ವರ್ಷ ಒಂದು ಕಂಪನಿಗೆ ಸುಮಾರು ನಾಲ್ಕು ಸಾವಿರ ಪಿನ್ ಕಳಿಸಿದ್ದೆವು. ಹೊರವ್ಯಾಸ 12 h7, ಅಂದರೆ 11.982ರಿಂದ 12.000 ಮಿ.ಮೀ. ಜೋಡಿಸುವಾಗ ಕೆಲವು ಸಡಿಲ ಬರ್ತಿವೆ ಅಂತ ಲಾಟನ್ನೇ ತಡೆಹಿಡಿದರು. ಪೂರ್ತಿ ಬೇರ್ಪಡಿಸೋ ಖರ್ಚು ಅಂತ ಮೂವತ್ತಾರೋ ಮೂವತ್ತೆಂಟೋ ಸಾವಿರದ ಡೆಬಿಟ್ ನೋಟ್ ಬಂತು. ಜೊತೆಗೆ ವಾಟ್ಸಾಪಲ್ಲಿ ಒಂದು ಫೋಟೋ. ಅವರ ಮಾನಿಟರ್ ಮೇಲಿದ್ದ ಹಿಸ್ಟೋಗ್ರಾಂ, ಕುರ್ಚಿಯಲ್ಲಿ ಕೂತೇ ಪಕ್ಕದಿಂದ ತೆಗೆದದ್ದು. ಕೆಳಗೆ ಮೂರು ಪ್ರಶ್ನೆ: ಸ್ಪ್ರೆಡ್ ಯಾಕೆ ಇಷ್ಟು, ಸ್ಕ್ಯೂ ಯಾವ ಕಡೆಗೆ, ಗುಂಪಿನಿಂದ ದೂರ ಬಿದ್ದ ಔಟ್‌ಲೈಯರ್‌ಗೆ ಕಾರಣ ಏನು. ಮೂಲ ರೀಡಿಂಗ್ ಕೇಳಿದರೆ, ಫೈಲ್ ಹೊರಗೆ ಕೊಡೋ ಹಾಗಿಲ್ಲ ಅಂದರು.

ನಮ್ಮ ಸೂಪರ್‌ವೈಸರ್ ಫೋಟೋ ನೋಡಿ, "ಸಾರ್, ಇದನ್ನ ಇಟ್ಕೊಂಡು ಏನ್ ಹೇಳೋಕಾಗುತ್ತೆ? ಸುಮ್ನೆ ಒಪ್ಕೊಂಡ್ಬಿಡಿ" ಅಂದ. ಅವನು ಹಾಗೆ ಹೇಳೋದಕ್ಕೂ ಕಾರಣ ಇತ್ತು. ಅದಕ್ಕೆ ಮುಂಚೆ ಎರಡು ಸಲ ನಾನು ಫೋಟೋ ನೋಡಿ ಉತ್ತರ ಕೊಟ್ಟು ಸೋತಿದ್ದೆ.

ಮೊದಲನೇ ಸೋಲು ಬಾಕ್ಸ್ ಪ್ಲಾಟಲ್ಲಿ. ಎಕ್ಸೆಲ್‌ನಲ್ಲಿ ಹಾಕಿದ ಬಾಕ್ಸ್ ಪ್ಲಾಟ್ ಫೋಟೋ ಬಂದಿತ್ತು. ಪೆಟ್ಟಿಗೆ ಒಳಗೆ ಒಂದು ಚಿಕ್ಕ ಗುಣಾಕಾರ ಚಿಹ್ನೆ ಇತ್ತು. ಫೋಟೋ ಮಸುಕು ಬೇರೆ, ನಾನು ಅದನ್ನು ಔಟ್‌ಲೈಯರ್ ಅಂತ ತಿಳಿದು ಅರ್ಧ ಪುಟ ಕಾರಣ ಬರೆದು ಕಳಿಸಿದೆ. ಅವರ ಕ್ವಾಲಿಟಿ ಎಂಜಿನಿಯರ್ ಫೋನ್ ಮಾಡಿ, "ಅದು ಸರಾಸರಿ ಕಣ್ರೀ, ಔಟ್‌ಲೈಯರ್ ಪೆಟ್ಟಿಗೆ ಒಳಗೆ ಹೇಗಿರುತ್ತೆ?" ಅಂದರು. ಆವತ್ತಿಂದ ಬಾಕ್ಸ್ ಪ್ಲಾಟ್ ಬಂದರೆ ನಾನು ಮೊದಲು ನೋಡೋದು ಪೆಟ್ಟಿಗೆಯಿಂದ ಆಚೀಚೆ ಚಾಚಿದ ಗೆರೆಯ, ಅಂದರೆ ಮೀಸೆಯ ಉದ್ದ. ಪೆಟ್ಟಿಗೆ ಉದ್ದವನ್ನು ಪಿಕ್ಸೆಲಲ್ಲಿ ಅಳೆದು ಒಂದೂವರೆಯಿಂದ ಗುಣಿಸ್ತೀನಿ. ಮೀಸೆ ಅದಕ್ಕಿಂತ ಉದ್ದ ಇದ್ದರೆ ಆ ಚಾರ್ಟು ನಾವು ಅಂದುಕೊಂಡ ನಿಯಮದಲ್ಲಿ ಹಾಕಿದ್ದಲ್ಲ. ಬಹುಶಃ ಮೀಸೆಯನ್ನು ಕನಿಷ್ಠ ಗರಿಷ್ಠದವರೆಗೂ ಎಳೆದಿರ್ತಾರೆ. ಅಂಥದ್ದರಲ್ಲಿ ಚುಕ್ಕಿ ಇಲ್ಲ ಅಂದಮಾತ್ರಕ್ಕೆ ಔಟ್‌ಲೈಯರ್ ಇಲ್ಲ ಅಂತ ಬರೆದರೆ ತಪ್ಪಾಗುತ್ತೆ. ಇನ್ನೊಂದು ವಿಷಯ, ಪ್ರೋಸೆಸ್ ಪೂರ್ತಿ ಸರಿಯಿದ್ದು ಗಂಟೆಯಾಕಾರದಲ್ಲಿದ್ದರೂ ಸಾವಿರಕ್ಕೆ ಸುಮಾರು ಏಳು ಪೀಸ್ ಮೀಸೆ ದಾಟಿ ಚುಕ್ಕಿಯಾಗೇ ಆಗ್ತವೆ. 125 ಪೀಸ್ ಅಳೆದಿದ್ದರೆ ಒಂದು ಚುಕ್ಕಿ ಬರೋದು ಸಹಜ, ಅದಕ್ಕೆ ಕಾರಣ ಹುಡುಕಿಕೊಂಡು ಕೂರಬೇಕಿಲ್ಲ. ಒಂದೇ ಕಡೆ ಮೂರು ನಾಲ್ಕು ಬಿದ್ದಿದ್ದರೆ ಮಾತ್ರ ಅಂಗಡಿಗೆ ಇಳಿದು ನೋಡಬೇಕು.

ಎರಡನೇ ಸೋಲು ಓರೆ ಫೋಟೋದಿಂದ. ಪಕ್ಕದಿಂದ ತೆಗೆದಾಗ ದೂರದ ತುದಿ ಕುಗ್ಗುತ್ತೆ. ನಾನು ಅಕ್ಷದ ಎರಡು ತುದಿ ಹಿಡಿದು ನಡುವಿನದನ್ನೆಲ್ಲ ಸಮಪಾಲು ಮಾಡಿ ಮೀಡಿಯನ್ ಹೇಳಿದೆ. ಎರಡು ಮೈಕ್ರಾನ್ ತಪ್ಪಾಗಿತ್ತು. ಹದಿನೆಂಟು ಮೈಕ್ರಾನ್ ಟಾಲರೆನ್ಸಿನಲ್ಲಿ ಎರಡು ಅಂದರೆ ಉತ್ತರಾನೇ ಉಲ್ಟಾ ಆಗುತ್ತೆ.

ಈ ಸಲ ಹಾಗೆ ಮಾಡಲಿಲ್ಲ. ಫೋಟೋವನ್ನು ಪೇಂಟಲ್ಲಿ ತೆರೆದು, ಕರ್ಸರ್ ಇಟ್ಟಾಗ ಕೆಳಗೆ ಎಡಮೂಲೆಯಲ್ಲಿ ಬರೋ ಪಿಕ್ಸೆಲ್ ಅಂಕಿ ಬರ್ಕೊಂಡೆ. ಅಕ್ಷದ ಮೇಲೆ 11.982, 11.990, 11.998 ಮೂರನ್ನೂ ಗುರುತು ಹಾಕಿದೆ. ಎರಡರ ನಡುವಿನ ದೂರ ಸಮ ಇರಬೇಕು ತಾನೇ? ಎಡಗಡೆ ಅರ್ಧ ಸುಮಾರು 610, ಬಲಗಡೆ ಅರ್ಧ 540. ಫೋಟೋ ಓರೆ ಅನ್ನೋದು ಅಲ್ಲೇ ಗೊತ್ತಾಯ್ತು. ಫೋನಿನ ಡಾಕ್ಯುಮೆಂಟ್ ಸ್ಕ್ಯಾನರಲ್ಲಿ ಹಾಕಿ, ಹಾಳೆಯ ಮೂಲೆ ಬದಲು ಚಾರ್ಟಿನ ಚೌಕಟ್ಟಿನ ನಾಲ್ಕು ಮೂಲೆ ಹಿಡಿದು ನೇರ ಮಾಡಿದೆ. ಆಮೇಲೆ ಎರಡೂ ಅರ್ಧಗಳ ವ್ಯತ್ಯಾಸ ನಾಲ್ಕೈದು ಪಿಕ್ಸೆಲ್ಲಿಗೆ ಇಳಿಯಿತು. ಚೌಕಟ್ಟೇ ಕಾಣದ ಫೋಟೋ ಆದರೆ ಅಕ್ಕಪಕ್ಕದ ಎರಡು ಗುರುತಿನ ನಡುವೆ ಮಾತ್ರ ಲೆಕ್ಕ ಹಾಕಿ, ತುಂಡು ತುಂಡಾಗಿ ಮುಂದೆ ಹೋಗಬೇಕು.

```
v = v1 + (p - p1) * (v2 - v1) / (p2 - p1)
```



ಬಾರ್‌ಗಳ ಎತ್ತರವನ್ನೂ ಹೀಗೇ ಓದಿದೆ. ಪಿಕ್ಸೆಲ್ ಅಂಕಿ ಮೇಲಿಂದ ಕೆಳಕ್ಕೆ ಏರುತ್ತೆ, ಹಾಗಾಗಿ ತಳದಿಂದ ತುದಿಯನ್ನು ಕಳೆಯಬೇಕು. ಒಂದು ಪೀಸಿಗೆ ಸುಮಾರು 20 ಪಿಕ್ಸೆಲ್ ಬಂತು. ಭಾಗಿಸಿದಾಗ ಎಲ್ಲವೂ ಪೂರ್ಣಾಂಕದ ಹತ್ತಿರ ಬರಬೇಕು, 8.9, 14.1 ಹೀಗೆ. ಏಳೂವರೆ, ಹನ್ನೊಂದೂವರೆ ಬಂದರೆ ತಳದ ಗೆರೆ ತಪ್ಪು ಹಿಡಿದಿದ್ದೀರಿ ಅಂತ ತಿಳ್ಕೊಳ್ಳಿ. 11.982ರಿಂದ ಎರಡೆರಡು ಮೈಕ್ರಾನಿಗೆ ಒಂದರಂತೆ ಒಂಬತ್ತು ಬಾರ್: 2, 4, 6, 9, 14, 20, 26, 25, 19. ಕೂಡಿಸಿದರೆ 125. ಫೋಟೋದ ಮೂಲೆಯಲ್ಲೂ 125 ಅಂತಲೇ ಇತ್ತು. ಆ ಮೊತ್ತ ಕೂಡಿದ ಕ್ಷಣದಲ್ಲೇ ನನಗೆ ಧೈರ್ಯ ಬಂದಿದ್ದು.

ಮೀಡಿಯನ್ ಅಂದರೆ ಸರಿಯಾಗಿ ಅರ್ಧದಷ್ಟು ಪೀಸು ಮುಗಿಯೋ ಜಾಗ, 125ರ ಅರ್ಧ ಅರವತ್ತೆರಡೂವರೆ. ಮೊದಲ ಆರು ಬಾರಲ್ಲಿ 55 ಮುಗಿಯುತ್ತೆ. ಉಳಿದ ಏಳೂವರೆಯನ್ನು 26ರ ಬಾರಲ್ಲಿ ಹಂಚಿದರೆ 11.9946. ಇದೇ ರೀತಿ ಕಾಲುಭಾಗದ ಗೆರೆ 11.9915, ಮುಕ್ಕಾಲಿನದು 11.9970. ನಡುವಿನ ಅರ್ಧದಷ್ಟು ಪೀಸು ಐದೂವರೆ ಮೈಕ್ರಾನಿನಲ್ಲಿದೆ, ಅದು ಸ್ಪ್ರೆಡ್‌ಗೆ ಉತ್ತರ. ಮೀಡಿಯನ್‌ನಿಂದ ಕೆಳಗಿನ ಗೆರೆಗೆ 3.1, ಮೇಲಿನ ಗೆರೆಗೆ 2.4. ಅಂದರೆ ಬಾಲ ಎಡಕ್ಕೆ. ಇಲ್ಲಿ ಎಷ್ಟೋ ಜನ ಎಡವ್ತಾರೆ. ಗುಡ್ಡ ಬಲಕ್ಕಿದೆ ಅಂತ ಬಲಗಡೆ ಸ್ಕ್ಯೂ ಅಂದುಬಿಡ್ತಾರೆ. ಬಾಲ ಯಾವ ಕಡೆಗೆ ಚಾಚಿದೆಯೋ ಸ್ಕ್ಯೂಗೆ ಆ ಕಡೆಯ ಹೆಸರು. ಸರಾಸರಿಯನ್ನೂ ಹಾಕಿ ನೋಡಿದೆ, 11.9939. ಮೀಡಿಯನ್‌ಗಿಂತ ಕೆಳಗೇ ಇದೆ, ತಾಳೆಯಾಯಿತು.

ಔಟ್‌ಲೈಯರ್ ಪ್ರಶ್ನೆಗೆ ಐದೂವರೆಯ ಒಂದೂವರೆ ಪಟ್ಟನ್ನು 11.9915ರಿಂದ ಕಳೆದೆ. ಬೇಲಿ, ಅಂದರೆ ಔಟ್‌ಲೈಯರ್ ಶುರುವಾಗೋ ಗಡಿ, 11.983ರ ಸ್ವಲ್ಪ ಆಚೆಗೆ ಬಂತು, ಅಂದರೆ ಮೊದಲನೇ ಬಾರಿನ ಹೊಟ್ಟೆಯಲ್ಲಿ. ಅದರಲ್ಲಿ ಎರಡು ಪೀಸಿವೆ. ಎರಡೂ ಬೇಲಿ ಹೊರಗಿರಬಹುದು, ಎರಡೂ ಒಳಗಿರಬಹುದು. ಬಾರ್ ನೋಡಿ ಅದನ್ನು ಹೇಳೋಕೆ ಬರಲ್ಲ. "ಹೆಚ್ಚೆಂದರೆ ಎರಡು" ಅಂತಷ್ಟೇ ಬರೆದೆ.

ನಿಜವಾದ ಸುದ್ದಿ ಇದ್ದಿದ್ದು ಬಲತುದಿಯಲ್ಲಿ. 26, 25, 19, ಅದಾದ ಮೇಲೆ ಏಕ್‌ದಂ ಸೊನ್ನೆ. ಯಾವ ಲೇತೂ 12.000 ಬಂತು ಅಂತ ಸರಿಯಾಗಿ ಅಲ್ಲೇ ನಿಲ್ಲೋದಿಲ್ಲ. 19 ಆದಮೇಲೆ ಹತ್ತೋ, ಐದೋ ಇರಲೇಬೇಕಿತ್ತು. ಅವು ಎಲ್ಲಿ ಹೋದವು ಅನ್ನೋದು ನನಗೆ ಗೊತ್ತಿತ್ತು. ಹೊರವ್ಯಾಸ ದಪ್ಪ ಆದರೆ ಮತ್ತೆ ತೆಗೆಯಬಹುದು, ಸಣ್ಣ ಆದರೆ ಗುಜರಿ. ಅದಕ್ಕೇ ಆಪರೇಟರ್ ಯಾವಾಗಲೂ ಮೇಲಿನ ಕಡೆಗೇ ಇಟ್ಟುಕೊಳ್ಳೋದು. ಗೋ ಗೇಜಲ್ಲಿ ಹೋಗದ ಪೀಸಿಗೆ ಚಕ್ಕಲ್ಲೇ ಎಮೆರಿ ಹಿಡಿದು ಒಳಗೆ ತಂದುಬಿಡ್ತಾನೆ. ರಾತ್ರಿ ಶಿಫ್ಟಿನ ಬೆಂಚ್ ಕೆಳಗೆ ಸವೆದ ಎಮೆರಿ ಚೂರುಗಳು ಬಿದ್ದಿದ್ದವು, ನಾನೇ ಎತ್ತಿ ಸೂಪರ್‌ವೈಸರ್‌ಗೆ ತೋರಿಸಿದೆ.

ಎಡಗಡೆ ಬಾಲಕ್ಕೆ ಕಾರಣ ಇನ್ಸರ್ಟ್, ಲೇತಿನಲ್ಲಿ ಲೋಹ ಕತ್ತರಿಸೋ ಚಿಕ್ಕ ತುಂಡು. ಇನ್ಸರ್ಟ್ ಸವೆದಂತೆ ವ್ಯಾಸ ಏರುತ್ತೆ, ಆಪರೇಟರ್ ವೇರ್ ಆಫ್‌ಸೆಟಲ್ಲಿ ಮೈನಸ್ ಕೊಡ್ತಾ ಹೋಗ್ತಾನೆ. ಹೊಸ ಇನ್ಸರ್ಟ್ ಹಾಕಿದಾಗ ಆ ಮೈನಸ್ಸನ್ನು ಸೊನ್ನೆ ಮಾಡೋದು ಮರೆತರೆ, ಮುಂದಿನ ಅಳತೆವರೆಗೂ ಬರೋ ಪೀಸೆಲ್ಲ ಸಣ್ಣ. ನಮ್ಮಲ್ಲಿ ನಾನೂರು ಪೀಸಿಗೊಂದು ಇನ್ಸರ್ಟ್, ಇಪ್ಪತ್ತು ಪೀಸಿಗೊಂದು ಅಳತೆ. ನಾಲ್ಕು ಸಾವಿರಕ್ಕೆ ಹತ್ತು ಬದಲಾವಣೆ, ಅಂದರೆ ಇನ್ನೂರು ಪೀಸು, ನೂರಕ್ಕೆ ಐದು. 125ರಲ್ಲಿ ಆರು. ಫೋಟೋದ ಮೊದಲೆರಡು ಬಾರ್ ಕೂಡಿಸಿ ನೋಡಿ: 2 ಮತ್ತು 4. ಇದೊಂದು ಲೆಕ್ಕ ಕೂಡಿದಾಗ ಸೂಪರ್‌ವೈಸರ್ ಮಾತಾಡದೆ ಟ್ರೇ ಪಟ್ಟಿ ತಂದುಕೊಟ್ಟ.

ಒಂದು ಪುಟದ ಉತ್ತರ ಕಳಿಸಿದೆ. ಎಮೆರಿ ವಿಷಯವನ್ನೂ ಮುಚ್ಚಿಡಲಿಲ್ಲ. ಇನ್ಸರ್ಟ್ ಬದಲಿಸಿದ ಹೊತ್ತಿನ ಟ್ರೇಗಳನ್ನು ನಾವೇ ಬಂದು ಬೇರ್ಪಡಿಸ್ತೀವಿ, ನಾಲ್ಕು ಸಾವಿರವನ್ನೂ ಅಳೆಯೋದು ಬೇಡ ಅಂತ ಬರೆದೆ. ಅವರ ಎಂಜಿನಿಯರ್ ತಮ್ಮ ಫೈಲ್ ತೆರೆದು ನೋಡಿ ಫೋನಲ್ಲಿ ಮೀಡಿಯನ್ ಹೇಳಿದರು. ನನ್ನದಕ್ಕೂ ಅದಕ್ಕೂ ಅರ್ಧ ಮೈಕ್ರಾನ್ ಕೂಡ ವ್ಯತ್ಯಾಸ ಇರಲಿಲ್ಲ. "ಫೋಟೋ ನೋಡೇ ತೆಗೆದ್ರಾ?" ಅಂತ ಎರಡು ಸಲ ಕೇಳಿದರು. ಡೆಬಿಟ್ ನೋಟ್ ಏಳೆಂಟು ಸಾವಿರಕ್ಕೆ ಇಳಿಯಿತು, ಅದರ ಮೇಲೆ ನಮ್ಮ ಇಬ್ಬರು ಹುಡುಗರ ಎರಡು ದಿನದ ಕೂಲಿ, ಟೆಂಪೋ ಬಾಡಿಗೆ.

ಆಮೇಲೆ ಒಂದು ಭಾನುವಾರ ಸುಮ್ಮನೆ ಪರೀಕ್ಷೆ ಮಾಡಿದೆ. ನಮ್ಮದೇ ರೀಡಿಂಗಿಗೆ ಹಿಸ್ಟೋಗ್ರಾಂ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ, ನೇರಕ್ಕೆ, ಓರೆಗೆ, ತೀರಾ ಹತ್ತಿರದಿಂದ ಫೋಟೋ ತೆಗೆದೆ. ಓರೆಯದ್ದು ಸ್ಕ್ಯಾನರಲ್ಲಿ ನೇರ ಆಗುತ್ತೆ. ತೀರಾ ಹತ್ತಿರದಿಂದ ತೆಗೆದದ್ದು ಆಗಲ್ಲ, ಲೆನ್ಸಿನಿಂದ ಗೆರೆಗಳೇ ಹೊಟ್ಟೆಯಂತೆ ಉಬ್ಬಿರ್ತವೆ. ಅದೇ ರೀಡಿಂಗನ್ನು ಎರಡು ಮೈಕ್ರಾನಿನ ಬದಲು ಒಂದೂವರೆ ಮೈಕ್ರಾನಿನ ಬಾರಲ್ಲೂ ಹಾಕಿ ನೋಡಿದೆ. ಒಂದೆತ್ತರ ಒಂದು ಗಿಡ್ಡ, ಬಾಚಣಿಗೆ ಹಲ್ಲಿನ ಹಾಗೆ ಬಂತು. ಮೈಕ್ರೋಮೀಟರ್ ಒಂದೊಂದು ಮೈಕ್ರಾನ್ ಓದುತ್ತೆ, ಒಂದು ಬಾರಿಗೆ ಎರಡು ಅಂಕಿ ಬಿದ್ದರೆ ಪಕ್ಕದ್ದಕ್ಕೆ ಒಂದೇ. ಅಂಥ ಫೋಟೋ ಬಂದಾಗ ಎರಡು ಮಷಿನ್ ಮಾಲು ಬೆರೆತಿದೆ ಅಂತ ಹೊರಡೋ ಮುಂಚೆ ಅಕ್ಕಪಕ್ಕದ ಎರಡೆರಡು ಬಾರ್ ಕೂಡಿಸಿ ನೋಡಿ, ಹಲ್ಲು ಮಾಯ ಆಗುತ್ತೆ. ಕೂಡಿಸಿದ ಮೇಲೂ ಎರಡು ಗುಡ್ಡ ಉಳಿದರೆ ಆಗ ನಿಜವಾಗಿ ಬೆರೆತಿರಬಹುದು. ಈ ಎರಡು ಗುಡ್ಡ ಬಾಕ್ಸ್ ಪ್ಲಾಟಲ್ಲಿ ಕಾಣೋದೇ ಇಲ್ಲ, ಹಾಗಾಗಿ ಬರೀ ಪೆಟ್ಟಿಗೆ ಕಳಿಸಿದರೆ ಹಿಸ್ಟೋಗ್ರಾಂ ಕೂಡ ಕೇಳ್ತೀನಿ.

ಈಗ ಪ್ರತಿ ಇನ್ಸರ್ಟ್ ಬದಲಾದ ಮೇಲೆ ಮೊದಲ ಐದು ಪೀಸು ಅಳೆದು ಬರೆದಿಡೋದು ಕಡ್ಡಾಯ, ಗುರಿ 11.991. ಮುಂದಿನ ಲಾಟಿನ ಫೋಟೋವನ್ನೂ ಅವರು ಕಳಿಸಿದರು. ಈ ಸಲ ಎದುರಿಗೆ ನಿಂತು, ನಾಲ್ಕು ಮೂಲೆ ಕಾಣೋ ಹಾಗೆ ತೆಗೆದಿದ್ದರು. ಪೆಟ್ಟಿಗೆ ನಾಲ್ಕು ಮೈಕ್ರಾನ್ ಆಸುಪಾಸು, ಮೀಡಿಯನ್ ಹೆಚ್ಚೂಕಡಿಮೆ ನಡುವೆ, ಮೇಲೆ ಒಂದು ಚುಕ್ಕಿ. ಆ ಒಂದು ಚುಕ್ಕಿಗೆ ಅವರೂ ಕಾರಣ ಕೇಳಲಿಲ್ಲ.