ಹಿಂದಕ್ಕೆ ವಾಲಿದ ಅಬಟ್‌ಮೆಂಟ್: ಶೆಡ್ಡಿನಲ್ಲಿ ನನ್ನ ಅನುಭವ

ನದಿದಂಡೆಯ ಸಡಿಲ ಮರಳು ಭೂಕಂಪದಲ್ಲಿ ದ್ರವವಾಗಿ, ಮೇಲಿನ ಗಟ್ಟಿ ಮಣ್ಣನ್ನು ಹೊತ್ತು ನದಿಯತ್ತ ಸರಿದಾಗ, ಚಿಕ್ಕ ಸೇತುವೆಯ ಅಬಟ್‌ಮೆಂಟ್, ಅಂದರೆ ಸೇತುವೆಯ ತುದಿಯನ್ನು ದಂಡೆಯಲ್ಲಿ ಹೊರುವ ಗೋಡೆ, ನದಿಯ ಕಡೆಗೆ ಬೀಳದೆ ಹಿಂದಕ್ಕೆ ವಾಲುತ್ತದೆ ಎಂದು ನಾನು ಹೇಳಿದಾಗ ಕುಶಾಲನಗರದ ಗೆಳೆಯರಲ್ಲಿ ಯಾರೂ ಒಪ್ಪಲಿಲ್ಲ. "2018ರ ಗುಡ್ಡ ಕುಸಿತ ಕಂಡವರು ನಾವು, ಮಣ್ಣು ಹೋದ ಕಡೆಗೇ ಗೋಡೆ ಹೋಗುತ್ತದೆ ಸಾರ್" ಎಂದರು. ಮಳೆಗೆ ಗುಡ್ಡ ಜರಿಯುವುದು ಬೇರೆ ವಿಷಯ. 2011ರ ಭೂಕಂಪದಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ಏವನ್ ನದಿಯ ಸೇತುವೆಗಳ ಅಬಟ್‌ಮೆಂಟ್‌ಗಳು ಹೀಗೆಯೇ ವಾಲಿದ್ದವು ಎಂದರೂ ಫಲವಾಗಲಿಲ್ಲ.

ಮಾದರಿ ಮಾಡಿ ತೋರಿಸೋಣವೆಂದು ಸುಮಾರು ಒಂದೂವರೆ ಮೀಟರ್ ಉದ್ದದ ಪೆಟ್ಟಿಗೆಗೆ ಒಂದು ಬದಿ ಗಾಜು ಹಾಕಿಸಿ, ಹಳೆಯ ಕಾಫಿ ಪಲ್ಪರಿನ ಮೋಟಾರಿನಿಂದ ಅಲುಗಾಡಿಸುವ ವ್ಯವಸ್ಥೆ ಮಾಡಿದೆ. ಮೊದಲ ಮೂರು ಪ್ರಯತ್ನಗಳು ವ್ಯರ್ಥವಾದವು. ಕಾವೇರಿಯ ದಪ್ಪ ಮರಳಿನಿಂದ ನೀರು ಬೇಗ ಹೊರಬರುತ್ತಿದ್ದುದರಿಂದ ಅದು ದ್ರವವಾದದ್ದು ಗೊತ್ತಾಗುವ ಮೊದಲೇ ಗಟ್ಟಿಯಾಗುತ್ತಿತ್ತು. ನೀರಿನ ಬದಲು ತೆಳು ಗಂಜಿ ತುಂಬಿ ನೋಡಿದೆ. ಮರಳು ಸರಿಯುವುದು ನಿಧಾನವಾಯಿತು, ಆದರೆ ಎರಡನೆಯ ದಿನ ಶೆಡ್ಡಿನೊಳಗೆ ಕಾಲಿಡಲಾಗಲಿಲ್ಲ. ಕೊನೆಗೆ ಜರಡಿ ಹಿಡಿದ ಸಣ್ಣ ಮರಳನ್ನು ಒಣಗಿದ್ದಾಗಲೇ ಸುರಿದು, ತಳದಿಂದ ಒಂದು ರಾತ್ರಿಯಿಡೀ ನೀರು ಏರಿಸಿದೆ. ಗಾಳಿಗುಳ್ಳೆ ಉಳಿಯದಂತೆ ಮಾಡುವ ಉಪಾಯವೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟರಲ್ಲಿ ಮೂವತ್ತೈದು ನಲವತ್ತು ಸಾವಿರ ಕರಗಿತ್ತು. ಅದರಲ್ಲಿ ಅರ್ಧ ಒಡೆದ ಗಾಜಿಗೇ ಹೋಯಿತು.

ಇಳಿಜಾರನ್ನು ಸುಮಾರು ಮೂರು ಡಿಗ್ರಿಗೆ ಇಟ್ಟು, ಗಾಜಿನ ಪಕ್ಕ ರಂಗೋಲಿ ಪುಡಿಯ ನೇರ ಗೆರೆಗಳನ್ನು ಇಳಿಸಿದ್ದೆ. ಸೇತುವೆಯ ಮೇಲ್ಹಾಸಾದ ಡೆಕ್ ಇಲ್ಲದೆ ಅಲುಗಾಡಿಸಿದಾಗ ಗೆರೆಗಳು ಮೇಲ್ಭಾಗದಲ್ಲಿ ಐದಾರು ಸೆಂಟಿಮೀಟರ್ ನದಿಯತ್ತ ಬಾಗಿದವು; ಅಬಟ್‌ಮೆಂಟೂ ಮುಂದಕ್ಕೇ ವಾಲಿತು. ಗೆಳೆಯರು ನಕ್ಕರು. ಮರುದಿನ ಎರಡು ದಂಡೆಗಳ ನಡುವೆ ಡೆಕ್ ಕೂರಿಸಿ ಅದೇ ಅಲುಗಾಟ ಕೊಟ್ಟೆ. ಎರಡೂ ಕಡೆಯ ಅಬಟ್‌ಮೆಂಟ್‌ಗಳು ಮೊದಲು ಡೆಕ್ಕಿನ ಸಂದು ಮುಚ್ಚುವವರೆಗೆ ಮುಂದೆ ಬಂದವು. ಆಮೇಲೆ ಡೆಕ್ ಆನಿಕೆಯ ತೊಲೆಯಂತೆ ಅವುಗಳ ತಲೆಯನ್ನು ತಡೆಹಿಡಿಯಿತು, ಮಣ್ಣು ಮಾತ್ರ ಬುಡವನ್ನು ನದಿಯತ್ತ ತಳ್ಳುತ್ತಲೇ ಇತ್ತು. ಮಟ್ಟಗೋಲು ಇಟ್ಟು ನೋಡಿದಾಗ ವಾಲಿಕೆ ನಾಲ್ಕು ಡಿಗ್ರಿಯಷ್ಟಿತ್ತು, ಅದೂ ಹಿಂದಕ್ಕೆ. ಅಬಟ್‌ಮೆಂಟಿನ ಕೆಳಗೆ ನೆಲಕ್ಕಿಳಿದ ಕಂಬಗಳಾದ ಪೈಲುಗಳ ಪ್ಲಾಸ್ಟರ್ ಮಾದರಿಗಳು ತಲೆಯ ಕೆಳಗೇ ಬಿರಿದಿದ್ದವು.

ಇಷ್ಟು ಚಿಕ್ಕ ಮಾದರಿಯಲ್ಲಿ ಮರಳಿನ ಮೇಲಿನ ಭಾರ ನಿಜಕ್ಕಿಂತ ತೀರ ಕಡಿಮೆ. ಹಾಗಾಗಿ ಇದರಿಂದ ವಾಲುವ ದಿಕ್ಕನ್ನು ನಂಬಬಹುದೇ ಹೊರತು ಅಳತೆಯನ್ನಲ್ಲ. ಅಳತೆಗೆ ಲೆಕ್ಕವೇ ಬೇಕು. ಎರಡು ಮೀಟರ್ ದಪ್ಪದ ಗಟ್ಟಿ ಪದರ, ಘನ ಮೀಟರಿಗೆ 1.8 ಟನ್ ತೂಕ, ಮಣ್ಣು ಗೋಡೆಯ ಮೇಲೆ ಹೇರಬಲ್ಲ ಗರಿಷ್ಠ ಒತ್ತಡ, ಅಂದರೆ ನಿಷ್ಕ್ರಿಯ ಒತ್ತಡದ ಗುಣಾಂಕ 3 ಎಂದು ಹಿಡಿದರೆ ತಳ್ಳುವ ಬಲ ಪ್ರತಿ ಮೀಟರ್ ಅಗಲಕ್ಕೆ ಸುಮಾರು 11 ಟನ್, ಆರು ಮೀಟರ್ ಅಗಲದ ಅಬಟ್‌ಮೆಂಟಿಗೆ 65 ಟನ್ ಬರುತ್ತದೆ. ಕೆಳಗಿನ ದ್ರವಪದರಕ್ಕೆ ಜಪಾನಿನ ರಸ್ತೆ ಸೇತುವೆ ನಿಯಮದಂತೆ ಮೇಲಿನ ಒಟ್ಟು ಭಾರದ ಶೇ. 30ರಷ್ಟನ್ನು ಪೈಲುಗಳ ಮೇಲೆ ಹೊರಿಸುತ್ತೇನೆ. ಡೆಕ್ಕನ್ನು ಆನಿಕೆ ಎಂದು ಲೆಕ್ಕಕ್ಕೆ ಸೇರಿಸಿದೊಡನೆ ಪೈಲ್ ತಲೆಯ ಬಾಗುಬಲದ ಚಿತ್ರವೇ ಬದಲಾಗುತ್ತದೆ. ಅತಿ ಹೆಚ್ಚು ನಕ್ಕಿದ್ದ ಗೆಳೆಯರು ಈಗ ತಮ್ಮ ಸೇತುವೆಯ ನಕ್ಷೆಯನ್ನು ಮೊದಲು ನನ್ನ ಶೆಡ್ಡಿಗೇ ತರುತ್ತಾರೆ.