ಗುಂಡು ನೆಕ್‌ಗೆ ಕ್ರಾಸ್ ಪಟ್ಟಿ: ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು

ಪಟ್ಟಿಯನ್ನು ಸ್ವಲ್ಪ ಎಳೆದು ಹೊಲಿ ಅಂತ ಒಬ್ಬರು ಹೇಳುತ್ತಾರೆ, ಎಳೆಯಲೇಬೇಡ ಅಂತ ಇನ್ನೊಬ್ಬರು. ಇಬ್ಬರು ಹೇಳುವುದೂ ಸರಿಯೇ, ಆದರೆ ಒಂದೇ ನೆಕ್‌ನ ಬೇರೆ ಬೇರೆ ಜಾಗಕ್ಕೆ. ನಾನು ಕಾಟನ್ ಕುರ್ತಿಗೆ, ತೋಳಿಲ್ಲದ ಟಾಪ್‌ಗೆ ಹಾಕುವುದು ಅಂಚನ್ನು ಒಳಗೂ ಹೊರಗೂ ಮುಚ್ಚುವ ಪಟ್ಟಿ. ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ ಮಾತ್ರ.

ಮೊದಲು ಕಾರಣ ನೋಡಿ. ಹೊಲಿಗೆ ಬೀಳುವುದು ಅಂಚಿನಿಂದ 6 ಮಿ.ಮೀ. ಒಳಗೆ, ಪಟ್ಟಿಯ ಮಡಿಕೆ ಕೂರುವುದು ಅಂಚಿನ ಮೇಲೆ. ನೆಕ್ ಅಂದರೆ ಬಟ್ಟೆಯಲ್ಲಿರುವ ತೂತು ಅಲ್ವಾ, ಹಾಗಾಗಿ ಅಂಚಿನ ಸುತ್ತಳತೆ ಹೊಲಿಗೆ ಗೆರೆಯದ್ದಕ್ಕಿಂತ ಕಡಿಮೆ. ಪೂರ್ತಿ ಒಂದು ಸುತ್ತಿಗೆ ಈ ವ್ಯತ್ಯಾಸ ಸುಮಾರು 3.8 ಸೆಂ.ಮೀ. ನೆಕ್ ದೊಡ್ಡದಿರಲಿ, ಚಿಕ್ಕದಿರಲಿ, ಇಷ್ಟೇ ಬರುತ್ತದೆ. ಪಟ್ಟಿಯನ್ನು ಹೊಲಿಗೆ ಗೆರೆಯ ಅಳತೆಗೇ ಹೊಲಿದರೆ ಮಡಿಕೆಯಲ್ಲಿ ಅಷ್ಟು ಬಟ್ಟೆ ಜಾಸ್ತಿಯಾಗಿ, ನೆಕ್ ಮೈಗೆ ಕೂರದೆ ಎದ್ದು ನಿಲ್ಲುತ್ತದೆ. ಈ ವ್ಯತ್ಯಾಸ ಹುಟ್ಟುವುದು ತಿರುವಿನಲ್ಲಿ ಮಾತ್ರ, ನೇರ ಭಾಗದಲ್ಲಿ ಅಲ್ಲ. ಆದ್ದರಿಂದ ಎಳೆತವೂ ತಿರುವಿಗೆ ಮಾತ್ರ.

ಪಟ್ಟಿ ಕತ್ತರಿಸುವಾಗ ನಾನು ಪಟ್ಟು ಹಿಡಿಯುವುದು ಒಂದೇ ವಿಷಯಕ್ಕೆ, ಅದು ಸರಿಯಾಗಿ 45 ಡಿಗ್ರಿ ಓರೆಯಲ್ಲೇ ಇರಬೇಕು. ಬಟ್ಟೆ ಉಳಿಸಲು ಹೋಗಿ ಓರೆ ತಪ್ಪಿಸಿದರೆ ಪಟ್ಟಿ ತಿರುಚಿಕೊಳ್ಳುತ್ತದೆ, ಆಮೇಲೆ ಇಸ್ತ್ರಿ ಎಷ್ಟು ಮಾಡಿದರೂ ಹೋಗುವುದಿಲ್ಲ. ಅಗಲ 2.8 ಸೆಂ.ಮೀ. ಇಡುತ್ತೇನೆ: 6 ಮಿ.ಮೀ.ನ ನಾಲ್ಕು ಪಾಲು, ಜೊತೆಗೆ ಮಡಿಕೆಯ ದಪ್ಪಕ್ಕೆ ಸ್ವಲ್ಪ. ಪಟ್ಟಿಗಳನ್ನು ಜೋಡಿಸುವ ಹೊಲಿಗೆಯೂ ಓರೆಯಾಗಿರಲಿ, ಮುಂದಿನ ತಿರುವಿನಲ್ಲಿ ಬರದಿರಲಿ.

ಕುರ್ತಿಯ ಕಡೆ ಎರಡು ಕೆಲಸ. ನೆಕ್‌ಗೆ ಬಿಟ್ಟಿರುವ ಮಾರ್ಜಿನ್ ಕತ್ತರಿಸಿ ತೆಗೆಯಬೇಕು, ಇಲ್ಲದಿದ್ದರೆ ನೆಕ್ ಬಿಗಿಯಾಗುತ್ತದೆ. ಆಮೇಲೆ ಅಂಚಿನಿಂದ 4 ಮಿ.ಮೀ. ಒಳಗೆ, ಭುಜದಿಂದ ನೆಕ್‌ನ ಮಧ್ಯದವರೆಗೆ ಎರಡೂ ಕಡೆಯಿಂದ ಒಂದು ಸಾಲು ಹೊಲಿಗೆ. ಪಟ್ಟಿ ಎಳೆಯುವಾಗ ನೆಕ್ ಹಿಗ್ಗದಂತೆ ಹಿಡಿಯುವುದು ಇದೇ.

ಈಗ ಒಂದು ಅಳತೆ ಹಿಡಿದು ಹೇಳುತ್ತೇನೆ. ಹೊಲಿಗೆ ಗೆರೆ ಒಟ್ಟು 60 ಸೆಂ.ಮೀ. ಇದೆ ಅಂದುಕೊಳ್ಳಿ, ಮುಂದೆ 36, ಹಿಂದೆ 24. ಮುಂದಿನ ಎರಡು ಪಕ್ಕಗಳು ಹೆಚ್ಚು ಕಡಿಮೆ ನೇರ, 9 ಮತ್ತು 9. ಅಲ್ಲಿ ಪಟ್ಟಿ ಅಳತೆಗೆ ಅಳತೆ. ಕೆಳಗಿನ ತಿರುವು 18, ಅಲ್ಲಿಗೆ ಪಟ್ಟಿ 16.5. ಹಿಂದಿನ ನೆಕ್‌ನ ನಡುಭಾಗ ಬಹುತೇಕ ನೇರ, ತಿರುವು ಇರುವುದು ಭುಜದ ಹತ್ತಿರದ ಎರಡು ಮೂಲೆಗಳಲ್ಲಿ, ಅಲ್ಲಿ ಒಂದೊಂದಕ್ಕೆ 6 ಮಿ.ಮೀ. ಕಡಿಮೆ. ಒಟ್ಟು ಪಟ್ಟಿ 57.3, ಜೋಡಣೆಗೆ ಬೇಕಾದ್ದು ಬೇರೆ. ಲೆಕ್ಕದ ಪೂರ್ತಿ 3.8 ಯಾಕೆ ಕಡಿಮೆ ಮಾಡಲಿಲ್ಲ ಅಂದರೆ, ಓರೆ ಬಟ್ಟೆಯೇ ಸ್ವಲ್ಪ ಒಳಗೆಳೆದುಕೊಳ್ಳುತ್ತದೆ, ಪೂರ್ತಿ ಕಡಿಮೆ ಮಾಡಿದರೆ ಕುರ್ತಿ ಸುಕ್ಕುಗಟ್ಟುತ್ತದೆ. ಈ ಜಾಗಗಳನ್ನೆಲ್ಲ ಪಟ್ಟಿಯ ಮೇಲೂ ನೆಕ್ ಮೇಲೂ ಚಾಕ್‌ನಿಂದ ಗುರುತು ಮಾಡಿ, ಗುರುತಿಗೆ ಗುರುತು ಪಿನ್ ಹಾಕುತ್ತೇನೆ. ಸುತ್ತಲೂ ಸಮನಾಗಿ ಹಂಚಿದರೆ ನೇರ ಭಾಗ ಸುಮ್ನೆ ಬಿಗಿಯಾಗುತ್ತದೆ, ತಿರುವಿಗೆ ಸಾಲುವುದೂ ಇಲ್ಲ.

ಪಟ್ಟಿ ಹಾಕುವ ಮೊದಲು ಉದ್ದಕ್ಕೆ ಅರ್ಧ ಮಡಚಿ, ಹಬೆ ಇಸ್ತ್ರಿಯಲ್ಲಿ ಕುಡುಗೋಲಿನ ಹಾಗೆ ಬಗ್ಗಿಸಿಕೊಳ್ಳುತ್ತೇನೆ. ಮಡಿಕೆ ಬಾಗಿನ ಒಳಗಡೆ, ತೆರೆದ ಅಂಚುಗಳು ಹೊರಗಡೆ ಬರಬೇಕು. ಹೊಲಿಯುವಾಗ ಮಡಿಕೆ ಬಿಡಿಸಿ, ಪಟ್ಟಿಯನ್ನು ಮೇಲೆ ಇಡುತ್ತೇನೆ, ಕೈಗೆ ಹಿಡಿತ ಸಿಗುತ್ತದೆ. ತಿರುವಿನಲ್ಲಿ ಎಳೆಯುವುದು ಪಟ್ಟಿಯನ್ನು ಮಾತ್ರ. ಅಡಿಯಲ್ಲಿರುವ ಕುರ್ತಿಯನ್ನು ಮಷಿನ್ ಹಲ್ಲು ತಾನೇ ತೆಗೆದುಕೊಂಡು ಹೋಗಲಿ.

ಮಗುಚಿದ ಮೇಲೆ ಕಚ್ಚಾ ಹೊಲಿಗೆ ಹಾಕದೆ ಎರಡನೇ ಸಾಲು ಹೊಲಿಯುವುದಿಲ್ಲ. ಫುಟ್ ಮೇಲಿನ ಪದರವನ್ನು ಮುಂದಕ್ಕೆ ತಳ್ಳುವುದರಿಂದ ಪಟ್ಟಿ ಹಗ್ಗದಂತೆ ಓರೆ ಗೆರೆಗಳಲ್ಲಿ ತಿರುಚುವುದು ಈ ಹಂತದಲ್ಲೇ. ಈ ರೀತಿಯ ಪಟ್ಟಿಯಲ್ಲಿ ಅಂಚಿಗೆ ಕಟ್ಸ್ ಹಾಕುವ ಅಗತ್ಯವಿಲ್ಲ, ಅದು ಪಟ್ಟಿಯನ್ನು ಪೂರ್ತಿ ಒಳಗೆ ಮಡಚುವ ಕೆಲಸಕ್ಕೆ ಬೇಕಾದ್ದು.

ತಪ್ಪು ಎಲ್ಲಿದೆ ಅಂತ ಸುಕ್ಕನ್ನೇ ನೋಡಿ ಹೇಳಬಹುದು. ಪಟ್ಟಿ ಚೆನ್ನಾಗಿ ಕೂತು ಅದರ ಕೆಳಗಿನ ಬಟ್ಟೆ ಸಣ್ಣ ನೆರಿಗೆಯಾಗಿದ್ದರೆ ಎಳೆದದ್ದು ಜಾಸ್ತಿ. ಬಟ್ಟೆ ಸಪಾಟಾಗಿದ್ದು ಪಟ್ಟಿಯ ಅಂಚು ಅಲೆಅಲೆಯಾಗಿ ಎದ್ದಿದ್ದರೆ ಎಳೆದದ್ದು ಸಾಲಲಿಲ್ಲ. ಎರಡಕ್ಕೂ ಆ ತಿರುವಿನ ಹೊಲಿಗೆ ಮಾತ್ರ ಬಿಚ್ಚಿದರೆ ಸಾಕು.

ಆರ್ಮ್‌ಹೋಲ್‌ನಲ್ಲಿ ತಿರುವೆಲ್ಲ ಕಂಕುಳಲ್ಲೇ, ಹೆಚ್ಚು ಕಡಿಮೆ ಅರ್ಧ ಸುತ್ತು. ಅದಕ್ಕೇ ಅಲ್ಲಿ 1.5 ಸೆಂ.ಮೀ. ಕಡಿಮೆ ಮಾಡಿ, ಭುಜದ ಕಡೆ ಒಂದಿಷ್ಟೂ ಎಳೆಯುವುದಿಲ್ಲ. ಪಕ್ಕದ ಹೊಲಿಗೆ ಮುಗಿಸಿಕೊಂಡೇ ಪಟ್ಟಿ ಹಾಕುತ್ತೇನೆ, ಅದರ ಜೋಡಣೆಯನ್ನು ಪಕ್ಕದ ಹೊಲಿಗೆಯ ಮೇಲೆ ತರದೆ ಎರಡು ಬೆರಳು ಹಿಂದಕ್ಕೆ ಇಡುತ್ತೇನೆ. ಎರಡೂ ಒಂದೇ ಕಡೆ ಸೇರಿದರೆ ದಪ್ಪವಾಗಿ ಕಂಕುಳಿಗೆ ಒತ್ತುತ್ತದೆ.